ಅಡುಗೂಲಜ್ಜಿ ಅಟ್ಟದ್ದೇನು?

‘ಅಡುಗೂಲಜ್ಜಿ ಕತೆ’ ಎಂಬ ಮಾತನ್ನು ನಾವೆಲ್ಲ ಕೇಳಿದವರೇ. ಅಡುಗೂಲಜ್ಜಿ, ಅಡಗೂಲಜ್ಜಿ, ಅಡುಗೂಳಜ್ಜಿ, ಅಡಗೂಳಜ್ಜಿ ಎಂದು ಊರಿಗೊಂದು ಉಚ್ಚಾರ. ನಂಬಲಾಗದ ಮಾತನ್ನು ಯಾರಾದರೂ ಆಡಿದರೆ ‘ಇದೇನಪ್ಪಾ ಅಡುಗೂಲಜ್ಜಿ ಕತೆ’ ಎಂದು ತಳ್ಳಿಹಾಕುತ್ತೇವೆ, ಮಕ್ಕಳಿಗೆ ಹೇಳುವ ಹಳೆಯ ಕಾಲದ ಕತೆಗೂ ಇದೇ ಹೆಸರಿಡುತ್ತೇವೆ. ಆದರೆ ಈ ಅಜ್ಜಿ ಯಾರು, ‘ಅಡುಗೂಲ’ ಎಂದರೇನು ಎಂದು ನಿಂತು ಕೇಳುವವರು ಕಡಿಮೆ. ನಮ್ಮ ಮನೆಯಲ್ಲಿ ಅದನ್ನು ಕೇಳಿದವಳು ನನ್ನ ಮಗಳು. ಕೇಳಿದ್ದು ನನ್ನನ್ನಲ್ಲ, ಅವಳ ಅಜ್ಜಿಯನ್ನು, ಎಂದರೆ ನನ್ನ ತಾಯಿಯನ್ನು. ಅಜ್ಜಿ ಹುಟ್ಟಿ ಬೆಳೆದದ್ದು ತಿಪಟೂರಿನ ಕಡೆ, ಮೊಮ್ಮಗಳು ಬೆಂಗಳೂರಿನವಳು. ಅವರಿಬ್ಬರ ನಡುವೆ ನಡೆದ ಮಾತು ಒಂದು ಪದದ ಬುಡಕ್ಕೆ ಇಳಿಯುತ್ತ ಹೋದುದರಿಂದ, ಪದಗಳ ಬೆನ್ನು ಹತ್ತುವ ನಮ್ಮಂಥವರ ಮುಂದೆ ಅದನ್ನು ಬಿಡಿಸಿಡಬೇಕೆನಿಸಿತು.

ಮಾತು ಶುರುವಾದದ್ದು ಒಂದು ಗಾದೆಯಿಂದ. ಪರೀಕ್ಷೆ ಮುಗಿದ ಮಾರನೆಯ ದಿನ ಪುಸ್ತಕ ಹಿಡಿದು ಕೂತ ಹುಡುಗಿಯನ್ನು ನೋಡಿ ಅಜ್ಜಿ, “ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು” ಎಂದರು.

“ಅಟ್ಟದ ಮೇಲೆ ಯಾರಜ್ಜಿ ಒಲೆ ಹಚ್ತಾರೆ? ಬೆಂಕಿ ಹತ್ಕೊಳ್ಳಲ್ವಾ?”

“ಅಟ್ಟದ ಮೇಲೆ ಅಲ್ಲ ಕಣೇ, ಅಟ್ಟ ಮೇಲೆ. ಅಟ್ಟಾಯ್ತು, ಅನ್ನ ಇಳಿಸಾಯ್ತು, ಆಗ ಸೌದೆ ಚೆನ್ನಾಗಿ ಹತ್ತಿಕೊಳ್ತು. ಏನು ಪ್ರಯೋಜನ?”

ಹುಡುಗಿ ಎಡವಿದಲ್ಲಿ ದೊಡ್ಡವರೂ ಎಡವುತ್ತಾರೆ. ಈ ಗಾದೆಯನ್ನು ‘ಅಟ್ಟದ ಮೇಲೆ’ ಎಂದು ತಿದ್ದಿ ಬರೆದವರನ್ನು ನಾನು ಬಲ್ಲೆ. ಅವರಿಗೆ ಮೂಲರೂಪವೇ ಅಚ್ಚಿನ ತಪ್ಪಿನಂತೆ ಕಂಡಿರುತ್ತದೆ. ಆದರೆ ವ್ಯಾಕರಣ ಇಲ್ಲಿ ನೇರವಾಗಿ ಸಾಕ್ಷಿ ಹೇಳುತ್ತದೆ. ಮರ, ಅಟ್ಟ ಇಂಥ ನಾಮಪದವಾದರೆ ‘ಮೇಲೆ’ ಎನ್ನುವುದಕ್ಕೆ ಮುಂಚೆ ‘ದ’ ಬರಲೇಬೇಕು: ಮರದ ಮೇಲೆ, ಅಟ್ಟದ ಮೇಲೆ. ಬಂದ ಮೇಲೆ, ಉಂಡ ಮೇಲೆ, ಕೆಟ್ಟ ಮೇಲೆ ಎನ್ನುವಲ್ಲಿ ‘ದ’ ಬೇಕಿಲ್ಲ, ಏಕೆಂದರೆ ಅವು ಭೂತಕೃದಂತಗಳು. ಗಾದೆಯ ಎರಡನೆಯ ಅರ್ಧದ ‘ಕೆಟ್ಟ’ ಎಂಬುದು ‘ಕೆಡು’ ಧಾತುವಿನಿಂದ ಬಂದಿದ್ದರೆ, ಅದರ ಜೋಡಿಯಾಗಿ ಮೊದಲ ಅರ್ಧದಲ್ಲಿ ಕೂತಿರುವ ‘ಅಟ್ಟ’ ‘ಅಡು’ ಧಾತುವಿನಿಂದ ಬಂದಿರಬೇಕು. ಅಡು ಎಂದರೆ ಬೇಯಿಸು, ಪಾಕ ಮಾಡು.

ಈ ಅಡು ಹಳಗನ್ನಡದಲ್ಲಿ ದಿನಬಳಕೆಯ ಪದ. ಅಡುವಳ್, ಅಟ್ಟಳ್, ಅಟ್ಟು, ಅಟ್ಟ ಎಂದು ನಡೆಯುತ್ತಿತ್ತು. ಬೇರೆಯವರಿಂದ ಮಾಡಿಸಿದರೆ ‘ಅಡಿಸು’. ಇದರ ನಡೆ ನಮಗೆ ಅಪರಿಚಿತವೇನೂ ಅಲ್ಲ. ಸುಡು–ಸುಟ್ಟು, ಇಡು–ಇಟ್ಟು, ಬಿಡು–ಬಿಟ್ಟು, ಕೊಡು–ಕೊಟ್ಟು, ಉಡು–ಉಟ್ಟು, ತೊಡು–ತೊಟ್ಟು, ನೆಡು–ನೆಟ್ಟು, ಕೆಡು–ಕೆಟ್ಟು ಎಂಬ ತುಂಬಿದ ಕುಲದಲ್ಲಿ ಇದೂ ಒಂದು. ಈ ಕುಲದ ಕೆಲವು ಧಾತುಗಳಿಗೆ ‘ಗೆ’ ಸೇರಿದರೆ ನಾಮಪದವಾಗುತ್ತದೆ. ಉಡುವುದು ಉಡುಗೆ, ತೊಡುವುದು ತೊಡುಗೆ, ಕೊಡುವುದು ಕೊಡುಗೆ, ಅಡುವುದು ಅಡುಗೆ. ಈ ನಾಲ್ಕರಲ್ಲಿ ಉಡು, ತೊಡು, ಕೊಡು ಮೂರೂ ಇವತ್ತಿಗೂ ನಮ್ಮ ಬಾಯಲ್ಲಿವೆ. ಅಡು ಮಾತ್ರ ಇಲ್ಲ. ಅದರ ಮಗಳಾದ ಅಡುಗೆ ಮನೆಮನೆಯಲ್ಲೂ ಇದೆ, ಅಡುಗೆಮನೆಯ ಮೊಟಕು ಹೆಸರೋ ಹಳೆಯ ಹೆಸರೋ ಎಂದು ಅನುಮಾನ ಹುಟ್ಟಿಸುವ ‘ಅಡುಮನೆ’ಯೂ ಅಲ್ಲಲ್ಲಿ ಕೇಳಿಸುತ್ತದೆ, ತಾಯಿ ಮಾತ್ರ ಕಾಣೆ. ಕಿಟೆಲರು 1894ರಲ್ಲಿ ಮಂಗಳೂರಿನಲ್ಲಿ ಅಚ್ಚುಹಾಕಿಸಿದ ನಿಘಂಟಿನಲ್ಲಿ ಅಡು ಎಂಬುದಕ್ಕೆ ಕ್ರಿಯಾಪದವಾಗಿಯೇ ಜಾಗವಿದೆ. ಇಂದಿನ ಶಾಲೆಯ ಮಗುವಿನ ಪದಕೋಶದಲ್ಲಿ ಅದಕ್ಕೆ ಜಾಗವಿಲ್ಲ.

ನಮ್ಮ ತಾಯಿಗೆ ಇಷ್ಟೆಲ್ಲ ಹೆಸರುಗಳು ಬೇಕಿರಲಿಲ್ಲ. ಅವರು ಇನ್ನೊಂದು ಗಾದೆ ತೆಗೆದರು: “ಅಟ್ಟಿಕ್ಕಿದೋಳಿಗಿಂತ ಬೊಟ್ಟಿಕ್ಕಿದೋಳೇ ಹೆಚ್ಚು ಅಂತಾರಲ್ಲ, ಅದರಲ್ಲೂ ಇದೇ ಅಟ್ಟು.” ದಿನವೂ ಅಟ್ಟು ಇಕ್ಕಿದವಳು, ಎಂದರೆ ಬೇಯಿಸಿ ಬಡಿಸಿದವಳು, ಯಾರ ಕಣ್ಣಿಗೂ ಬೀಳುವುದಿಲ್ಲ. ಒಂದು ದಿನ ಬಂದು ಹಣೆಗೆ ಬೊಟ್ಟಿಟ್ಟು ಹೋದವಳನ್ನು ಎಲ್ಲರೂ ಹೊಗಳುತ್ತಾರೆ. ಮನೆಯೊಳಗೆ ದುಡಿದ ಹೆಣ್ಣೊಬ್ಬಳ ಬಾಯಿಂದಲೇ ಹೊರಟಿರಬೇಕಾದ ನೋವಿನ ಗಾದೆ ಇದು. ಅಡು ಅಷ್ಟೇ ಅಲ್ಲದೆ ‘ಇಕ್ಕು’ ಎಂಬ ಇನ್ನೊಂದು ಹಳೆಯ ಪದವನ್ನೂ ಇದು ಕಾಪಾಡಿದೆ. ಹಳ್ಳಿಯ ಕಡೆ ಮುದ್ದೆ ಇಕ್ಕುವವರು ಈಗಲೂ ಇದ್ದಾರೆ, ಪಟ್ಟಣದಲ್ಲಿ ಎಲ್ಲರೂ ಬಡಿಸುತ್ತಾರೆ ಅಥವಾ ಹಾಕುತ್ತಾರೆ.

ಎರಡು ಗಾದೆಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಅಡು ಅಲ್ಲಿ ಏಕೆ ಉಳಿಯಿತೆಂಬುದು ತಾನಾಗಿ ಹೊಳೆಯುತ್ತದೆ. ಒಂದರಲ್ಲಿ ಅಟ್ಟ–ಕೆಟ್ಟ, ಇನ್ನೊಂದರಲ್ಲಿ ಅಟ್ಟಿಕ್ಕು–ಬೊಟ್ಟಿಕ್ಕು. ‘ಅಡುಗೆ ಮಾಡಿದ ಮೇಲೆ ಒಲೆ ಉರಿಯಿತು’ ಎಂದರೆ ಅರ್ಥಕ್ಕೇನೂ ಕುಂದಿಲ್ಲ, ಗಾದೆ ಮಾತ್ರ ಸತ್ತುಹೋಗುತ್ತದೆ. ಎರಡನೆಯ ಅಕ್ಷರ ಕೂಡಬೇಕೆನ್ನುವ ಆದಿಪ್ರಾಸದ ಹಟ ನಮ್ಮ ಕಾವ್ಯಗಳಿಗಷ್ಟೇ ಸೇರಿದ್ದಲ್ಲ, ಒಲೆಯ ಮುಂದೆ ಕೂತವರ ಕಿವಿಗೂ ಅದು ಬೇಕಿತ್ತು. ಬಳಕೆ ಬಿಟ್ಟರೂ ಪ್ರಾಸ ಬಿಡದಿದ್ದರಿಂದ, ಅರ್ಥ ಮರೆತವರ ಬಾಯಲ್ಲೂ ಪದ ಹಾಗೇ ಉಳಿಯಿತು.

“ಹಾಗಾದ್ರೆ ಅಡುಗೂಲಜ್ಜೀನೂ ಅಡೋಳೇನಾ? ನಾನು ಅಡಗಿ ಕೂತ್ಕೊಳ್ಳೋ ಅಜ್ಜಿ ಅನ್ಕೊಂಡಿದ್ದೆ,” ಎಂದಳು ಹುಡುಗಿ. ಅಡು ಮರೆತುಹೋದ ಮೇಲೆ, ಗೊತ್ತಿರುವ ‘ಅಡಗು’ ಬಂದು ಆ ಜಾಗದಲ್ಲಿ ಕೂತುಕೊಂಡಿದೆ. ಎರಡನೆಯ ಅಕ್ಷರದ ಉಕಾರ ಆಡುಮಾತಿನಲ್ಲಿ ಸವೆದು ‘ಅಡಗೂಲಜ್ಜಿ’ ಆದದ್ದು ಅದಕ್ಕೆ ಅನುಕೂಲ ಮಾಡಿಕೊಟ್ಟಿದೆ. ಆದರೆ ಪದದ ಕಟ್ಟೋಣ ನಮಗೆ ಚೆನ್ನಾಗಿ ಗೊತ್ತಿರುವಂಥದೇ. ಸುಡು ಎಂಬ ಧಾತುವಿನ ಮುಂದೆ ಕಾಡು ಬಂದರೆ ಕಕಾರಕ್ಕೆ ಗಕಾರ ಆದೇಶವಾಗಿ ‘ಸುಡುಗಾಡು’ ಆಗುವಂತೆ, ಅಡು ಎಂಬುದರ ಮುಂದೆ ‘ಕೂ’ ಎಂದು ತೊಡಗುವ ಪದವೊಂದು ಬಂದು ‘ಅಡುಗೂ’ ಆಗಿದೆ.

ಆ ಪದ ಯಾವುದು ಎಂಬಲ್ಲಿ ಎರಡು ದಾರಿಗಳಿವೆ, ಎರಡೂ ಚೆಂದ. ಕೂಲಿಗಾಗಿ ಅಡುವ ಅಜ್ಜಿ ಎಂದು ಹಿಡಿದರೆ ಲಕಾರ ಸರಿಹೋಗುತ್ತದೆ, ಆದರೆ ಕೂಲಿ ಮತ್ತು ಅಜ್ಜಿ ಸೇರಿದರೆ ‘ಕೂಲಿಯಜ್ಜಿ’ ಆಗಬೇಕಿತ್ತಲ್ಲ, ಇಕಾರ ಎಲ್ಲಿ ಹೋಯಿತು ಎಂಬ ಪ್ರಶ್ನೆ ಉಳಿಯುತ್ತದೆ. ಕೂಳನ್ನು ಅಡುವ ಅಜ್ಜಿ ಎಂದು ಹಿಡಿದರೆ ಸಂಧಿ ಸಲೀಸು, ಉಕಾರ ಲೋಪವಾಗಿ ‘ಕೂಳಜ್ಜಿ’ ಎಂದಾಗುತ್ತದೆ, ಆದರೆ ಳಕಾರ ಲಕಾರವಾದದ್ದೇಕೆ ಎಂದು ಕೇಳಬೇಕಾಗುತ್ತದೆ. ಕೂಳು ಹಳಗನ್ನಡದಲ್ಲಿ ಬರೆಯುತ್ತಿದ್ದುದು ‘ಕೂೞ್’ ಎಂದು. ಆ ೞಕಾರ ಜನರ ಬಾಯಲ್ಲಿ ಳಕಾರದೊಡನೆ ಬೆರೆತುಹೋಗಿದ್ದುದರಿಂದಲೇ ಹದಿಮೂರನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ೞಕಾರವಿರುವ ಪದಗಳನ್ನು ಹೆಕ್ಕಿ ಪಟ್ಟಿಮಾಡಬೇಕಾಯಿತು. ಒಂದು ಧ್ವನಿ ಎಲ್ಲರ ಬಾಯಲ್ಲೂ ಚೆನ್ನಾಗಿ ನಿಂತಿದ್ದರೆ ಅದಕ್ಕೆ ಪಟ್ಟಿ ಯಾರಿಗೂ ಬೇಕಾಗುವುದಿಲ್ಲ. ಜೊತೆಗೆ ಕೂಳು ಎಂಬ ಪದದ ಮಾನವೂ ಇಳಿಯಿತು. ಒಂದು ಕಾಲಕ್ಕೆ ಯಾರೂ ಸಂಕೋಚವಿಲ್ಲದೆ ಅನ್ನಕ್ಕೆ ಹೇಳುತ್ತಿದ್ದ ಹೆಸರು ‘ಕೂಳಿಗೆ ದಂಡ’ ಎಂಬ ಬೈಗುಳಕ್ಕೆ ಬಂದು ಮುಟ್ಟಿತು. ನನ್ನ ಒಲವು ಕೂಳಿನ ಕಡೆಗೇ ಇದೆ. ಅಡು ಮತ್ತು ಕೂಳು ಎರಡೂ ಬಾಯಿಂದ ಜಾರಿದ ಮೇಲೆ, ಜನ ತಮಗೆ ತಿಳಿದಿದ್ದ ‘ಕೂಲಿ’ಯ ನೆರಳನ್ನು ಅದರಲ್ಲಿ ಕಂಡು ಳಕಾರವನ್ನು ಲಕಾರ ಮಾಡಿಕೊಂಡಿರಬೇಕು. ಆದರೂ ಆ ಅಜ್ಜಿ ಕೂಳನ್ನು ಅಟ್ಟದ್ದು ಕೂಲಿಗೇ ಎಂಬುದರಿಂದ, ಎರಡು ದಾರಿಯೂ ಒಂದೇ ಮನೆಯ ಬಾಗಿಲಿಗೆ ಹೋಗುತ್ತವೆ.

ಆ ಮನೆಯನ್ನು ನಮ್ಮ ಜನಪದ ಕತೆಗಳು ಮತ್ತೆ ಮತ್ತೆ ತೋರಿಸಿವೆ. ರಾಜಕುಮಾರ ಕಾಡು ದಾಟಿ ಗೊತ್ತಿಲ್ಲದ ಪಟ್ಟಣಕ್ಕೆ ಬರುತ್ತಾನೆ. ನೆಂಟರಿಲ್ಲ, ಇಷ್ಟರಿಲ್ಲ. ಊರಂಚಿನಲ್ಲಿ ಒಂಟಿ ಮುದುಕಿಯೊಬ್ಬಳ ಮನೆ. ಅವಳ ಕೈಗೆ ನಾಲ್ಕು ಕಾಸು ಹಾಕಿದರೆ ಅಟ್ಟು ಇಕ್ಕುತ್ತಾಳೆ, ಜಗಲಿಯಲ್ಲಿ ಮಲಗಲು ಜಾಗ ಕೊಡುತ್ತಾಳೆ, ಊರಿನ ರಾಜನ ಮಗಳಿಗೆ ಎಂಥ ಶಾಪವಿದೆ, ಯಾವ ರಾಕ್ಷಸ ಏನು ಕೇಳುತ್ತಾನೆ ಎಂಬ ಸುದ್ದಿಯನ್ನೂ ಹೇಳುತ್ತಾಳೆ. ಖಾನಾವಳಿ, ಹೋಟೆಲು ಇಲ್ಲದ ಕಾಲದಲ್ಲಿ ದಾರಿಹೋಕನಿಗೆ ಇಂಥವಳೇ ದಿಕ್ಕು. ಗಂಡ ಸತ್ತ, ಮಕ್ಕಳಿಲ್ಲದ ಹೆಂಗಸಿಗೆ ಅದೇ ಜೀವನೋಪಾಯ. ಹತ್ತೂರಿನವರು ಬಂದು ಹೋಗುವ ಮನೆಯಾದ್ದರಿಂದ ಹತ್ತೂರಿನ ಕತೆ ಅವಳಲ್ಲಿ ಕೂಡಿಬೀಳುತ್ತಿತ್ತು. ಕತೆಯೊಳಗಿನ ಪಾತ್ರವಾಗಿದ್ದವಳು ಹೀಗೆ ಕತೆ ಹೇಳುವವಳಾದಳು. ಆಮೇಲೆ ಅವಳು ಹೇಳಿದ್ದೆಲ್ಲ ‘ಅಡುಗೂಲಜ್ಜಿ ಕತೆ’ಯಾಯಿತು, ಕೊನೆಗೆ ಆ ಮಾತು ನಂಬಬಾರದ ಸುದ್ದಿಯ ಹೆಸರಾಗಿ ನಿಂತಿತು. ಅಟ್ಟಿಕ್ಕಿದವಳಿಗೆ ಗಾದೆ ಮಾಡಿದಷ್ಟೇ ಅನ್ಯಾಯವನ್ನು ಪದದ ಅರ್ಥಾಂತರವೂ ಮಾಡಿತಲ್ಲ ಎಂದು ನನಗೆ ಬೇಸರವೇ ಆಗುತ್ತದೆ.

“ಸರಿ, ಆದರೆ ಈ ಅಡು ಯಾಕಜ್ಜಿ ಹೋಯ್ತು?”

ಅಜ್ಜಿಯ ಉತ್ತರ ತಡವಾಗಲಿಲ್ಲ. “ಸಾಮಾನು ಹೋದ ಮೇಲೆ ಹೆಸರು ಇಟ್ಕೊಂಡು ಏನು ಮಾಡ್ತಾರೆ? ನಮ್ಮ ಕಾಲದಲ್ಲಿ ಪಾವು, ಅಚ್ಚೇರು, ಸೇರು, ಕೊಳಗ, ಖಂಡುಗ ಅಂತ ಅಳೀತಿದ್ವಿ. ಇಪ್ಪತ್ತು ಕೊಳಗ ಒಂದು ಖಂಡುಗ. ಈಗ ಎಲ್ಲ ಕೇಜಿ. ಒರಳು ಹೋಯ್ತು, ಒನಕೆ ಹೋಯ್ತು, ಕುಟ್ಟೋ ಹಾಡೂ ಹೋಯ್ತು.”

ಅಳತೆಯ ವಿಷಯದಲ್ಲಿ ಅವರ ಮಾತು ಪೂರ್ತಿ ನಿಜ. ಶಾಸನಗಳ ಕಾಲದಿಂದ ಬಂದ ಕೊಳಗ, ಖಂಡುಗಗಳು 1956ರ ತೂಕ ಮತ್ತು ಅಳತೆಗಳ ಕಾಯಿದೆಯ ನಂತರ ಪೇಟೆಯಿಂದ ಹೊರಟವು. ಲೀಟರು, ಕಿಲೋ ಬಂದಲ್ಲಿ ಅವು ನಿಲ್ಲುವಂತಿರಲಿಲ್ಲ. ಆದರೆ ಮೊಮ್ಮಗಳು ಬಿಡಲಿಲ್ಲ: “ಅಡುಗೆ ಎಲ್ಲಿ ಹೋಗಿದೆ? ದಿನಾ ಮೂರು ಹೊತ್ತು ಮಾಡ್ತಾನೇ ಇದ್ದೀವಲ್ಲ!”

ಪ್ರಶ್ನೆ ಸರಿಯಾದ ಜಾಗಕ್ಕೇ ತಾಗಿತು. ಹೋಟೆಲುಗಳು ಬಂದು ಅಡುಗೂಲಜ್ಜಿಯ ಕಸುಬು ಅಳಿಯಿತು, ಆದರೆ ಅವಳ ಹೆಸರು ಉಳಿಯಿತು. ಅಡುವ ಕೆಲಸ ಒಂದು ದಿನವೂ ನಿಲ್ಲಲಿಲ್ಲ, ಆದರೆ ಅದರ ಹೆಸರು ಅಳಿಯಿತು. ಹಾಗಾಗಿ ವಸ್ತುವಿನ ಜೊತೆ ಪದ ಹೋಗುತ್ತದೆ ಎಂಬ ಸೂತ್ರ ಇಲ್ಲಿ ಕೆಲಸಕ್ಕೆ ಬಾರದು, ಕಾರಣವನ್ನು ಭಾಷೆಯ ಒಳಗೇ ಹುಡುಕಬೇಕು.

ಮೊದಲಿಗೆ ಹೊಳೆಯುವುದು ಸಮಧ್ವನಿಗಳ ಗೊಂದಲ. ಮನೆಯ ಮೇಲಿನ ಅಟ್ಟ ಒಂದು. ಓಡಿಸು, ಕಳಿಸು ಎಂಬರ್ಥದ ‘ಅಟ್ಟು’ ಇನ್ನೊಂದು. ‘ಅಟ್ಟಳು’ ಎಂದರೆ ಬೇಯಿಸಿದಳು, ‘ಅಟ್ಟಿದಳು’ ಎಂದರೆ ಓಡಿಸಿದಳು. ಅವಸರದ ಮಾತಿನಲ್ಲಿ ಈ ಅಂತರ ಕೂದಲೆಳೆಯಷ್ಟು. ಆದರೆ ಇದನ್ನೇ ಪೂರ್ಣ ಕಾರಣವೆಂದು ಒಪ್ಪಲು ನನಗೆ ಮನಸ್ಸಿಲ್ಲ. ‘ತೊಟ್ಟು’ ಎಂದರೆ ಹಣ್ಣಿನ ತೊಟ್ಟೂ ಹೌದು, ನೀರಿನ ಹನಿಯೂ ಹೌದು, ಆದರೂ ‘ತೊಡು’ ಸಾಯಲಿಲ್ಲ, ‘ಸೀರೆ ಉಟ್ಟು ಬಳೆ ತೊಟ್ಟು’ ಹೊರಟವಳನ್ನು ಕಂಡು ಯಾರೂ ಗಲಿಬಿಲಿಗೊಳ್ಳುವುದಿಲ್ಲ. ಗೊಂದಲ ಅಡುವನ್ನು ಬಡವಾಗಿಸಿರಬಹುದು, ಕೊಂದಿರಲಾರದು.

ಅಡುವಿನ ಜಾಗ ಹಿಡಿದದ್ದು ಅದರ ಮಗಳೇ ಎಂದು ನನಗನಿಸುತ್ತದೆ. ಅಡುಗೆ ಎಂಬ ನಾಮಪದ ಹುಟ್ಟಿ, ಅದರ ಬೆನ್ನಿಗೆ ‘ಮಾಡು’ ನಿಂತು, ‘ಅಡುಗೆ ಮಾಡು’ ಎಂಬ ಜೋಡಿ ರೂಢಿಯಾಯಿತು. ಒಂದೊಂದು ಬಗೆಯ ಪಾಕಕ್ಕೆ ಬೇಯಿಸು, ಕಾಯಿಸು, ಹುರಿ, ಕರಿ, ಒಗ್ಗರಿಸು ಎಂಬ ಬಿಡಿ ಪದಗಳು ಮೊದಲೇ ಇದ್ದವು. ಒಟ್ಟಾರೆ ಪಾಕಕ್ಕೆ ‘ಅಡುಗೆ ಮಾಡು’ ಬಂದ ಮೇಲೆ ಅಡುವಿಗೆ ಕೆಲಸವೇ ಉಳಿಯಲಿಲ್ಲ. ಕನ್ನಡದಲ್ಲಿ ಈ ‘ಮಾಡು’ ಬಹಳ ದೂರ ಹಬ್ಬಿದೆ. ‘ಮೀ’ ಎಂದರೆ ಸ್ನಾನ ಮಾಡು. ಕರಾವಳಿಯಲ್ಲಿ ಮೀಯುವವರು ಇನ್ನೂ ಇದ್ದಾರೆ, ಉಳಿದ ನಮಗೆಲ್ಲ ಸ್ನಾನ ಮಾಡುವುದೇ ಗತಿ, ಬಡಗಣದವರು ಜಳಕ ಮಾಡುತ್ತಾರೆ. ‘ಉಡುಗೆ ಮಾಡು’, ‘ತೊಡುಗೆ ಮಾಡು’ ಎಂಬ ಜೋಡಿಗಳು ಮಾತ್ರ ಹುಟ್ಟಲೇ ಇಲ್ಲ. ಉಡುಗೆ ಎಂದರೆ ಮೈಮೇಲಿನ ಬಟ್ಟೆಯೇ ಆಗಿ ನಿಂತಿತು, ಉಡುವ ಕ್ರಿಯೆಗೆ ಹೆಸರಾಗಲಿಲ್ಲ. ಅಡುಗೆ ಹಾಗಲ್ಲ, ಅದು ಬೆಂದ ಪದಾರ್ಥವೂ ಹೌದು, ಬೇಯಿಸುವ ಕೆಲಸವೂ ಹೌದು. ಒಂದೇ ಕುಲದ ಉಡು, ತೊಡು ಉಳಿದು ಅಡು ಹೋದದ್ದರ ಗುಟ್ಟು ಈ ಸಣ್ಣ ಅಂತರದಲ್ಲಿದೆ ಎಂದು ನನ್ನ ನಂಬಿಕೆ.

ನೆರೆಯ ನುಡಿಗಳನ್ನು ಕೇಳಿದರೆ ಇದೇ ಪಾಡು. ತಮಿಳಿನಲ್ಲೂ ಅಡು ಇತ್ತು, ಈಗ ಆ ಜಾಗದಲ್ಲಿ ‘ಸಮೈ’ ಇದೆ, ಒಲೆಯ ಹೆಸರಾದ ‘ಅಡುಪ್ಪು’ ಮಾತ್ರ ಉಳಿದಿದೆ. ಮಲಯಾಳದವರ ಅಡುಗೆಮನೆ ‘ಅಡುಕ್ಕಳ’. ನಮ್ಮ ತುಳುವರ ಅಡುಗೆ ‘ಅಟಿಲ್’. ಬರೋ ಮತ್ತು ಎಮಿನೊ 1961ರಲ್ಲಿ ಹೊರತಂದ ದ್ರಾವಿಡ ವ್ಯುತ್ಪತ್ತಿ ಕೋಶದಲ್ಲಿ ಇವೆಲ್ಲ ಒಂದೇ ಮನೆಯವರು. ತೆಲುಗಿನ ದಾರಿ ಬೇರೆ. ಅಲ್ಲಿ ಅಡುಗೆಗೆ ‘ವಂಟ’ ಎನ್ನುತ್ತಾರೆ, ಅದರ ಧಾತು ‘ವಂಡು’ ಇವತ್ತಿಗೂ ಗಟ್ಟಿಯಾಗಿ ಬಳಕೆಯಲ್ಲಿದೆ. ನಾಮಪದ ಹುಟ್ಟಿದರೆ ಧಾತು ಸಾಯಲೇಬೇಕೆಂಬ ಕಟ್ಟಳೆ ಯಾವುದೂ ಇಲ್ಲ ಎಂಬುದಕ್ಕೆ ಅದೇ ಸಾಕ್ಷಿ.

ಹುಡುಗಿ ಇಷ್ಟು ಹೊತ್ತು ಕೇಳಿಸಿಕೊಂಡು, ನಾನು ನಿರೀಕ್ಷಿಸದ ಒಂದು ಪ್ರಶ್ನೆ ಹಾಕಿದಳು. “ಅಜ್ಜಿ, ನೀನು ಯಾವತ್ತಾದ್ರೂ ‘ನಾನು ಇವತ್ತು ಅಟ್ಟೆ’ ಅಂದಿದ್ದೀಯಾ?”

ನಮ್ಮ ತಾಯಿ ಯೋಚಿಸಿದರು. “ಇಲ್ಲ ಕಣೇ. ಅಡುಗೆ ಮಾಡ್ದೆ ಅಂತಲೇ ಅಂತಿದ್ವಿ. ನಮ್ಮಮ್ಮನೂ ಹಾಗೇ ಅಂತಿದ್ಲು. ಗಾದೆ ಹೇಳೋವಾಗ ಮಾತ್ರ ಅಟ್ಟ, ಅಟ್ಟಿಕ್ಕಿ ಅಂತ ಬರ್ತಿತ್ತು. ಅರ್ಥ ಗೊತ್ತಿತ್ತು, ಅಷ್ಟೇ.”

ಹಳೆಯ ಪದಗಳನ್ನು ಕಳೆದವರು ಈಗಿನ ಮಕ್ಕಳು ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಆದರೆ ಅಡು ಕಳೆದದ್ದು ಅಜ್ಜಿಯ ತಾಯಿಯ ಕಾಲಕ್ಕೂ ಮುಂಚೆ, ಕನ್ನಡವೊಂದೇ ನಡೆಯುತ್ತಿದ್ದ ಅಡುಗೆಮನೆಯಲ್ಲಿ. ಕಳೆಯುವುದು ಎರಡು ಹಂತದಲ್ಲಿ ಆಯಿತು. ಮೊದಲು ಆಡುವುದು ನಿಂತಿತು, ತಿಳಿಯುವುದು ಉಳಿದಿತ್ತು. ನಮ್ಮ ತಾಯಿ ಇರುವುದು ಆ ಹಂತದಲ್ಲಿ. ಆಮೇಲೆ ತಿಳಿಯುವುದೂ ನಿಂತಿತು. ‘ಅಟ್ಟದ ಮೇಲೆ’ ಎಂದು ತಿದ್ದುವವರು ಈ ಎರಡನೆಯ ಹಂತದವರು. ಮಧ್ಯದಲ್ಲಿರುವವರು ಹೇಳಿಕೊಟ್ಟರೆ ಮಾತ್ರ ಗಾದೆ ಮುಂದಿನವರಿಗೆ ಅರ್ಥಸಹಿತ ಸಿಗುತ್ತದೆ.

ಇನ್ನೊಂದು ಹಂತವೂ ಇದೆ, ಅದು ನನ್ನ ಮಗಳ ಬಾಯಲ್ಲೇ ಕೇಳಿಸಿತು: “ಅಮ್ಮ ಕುಕ್ ಮಾಡ್ತಿದ್ದಾಳೆ.” ‘ಅಟ್ಟಳು’ ಎಂಬ ಒಂದೇ ಪದವಿದ್ದಾಗ ಹೊರಗಿನ ಪದ ಅದರೊಳಗೆ ನುಗ್ಗಲು ಸಂದಿಯಿರಲಿಲ್ಲ. ‘ಅಡುಗೆ ಮಾಡಿದಳು’ ಎಂದು ಎರಡಾಗಿ ಒಡೆದ ಮೇಲೆ, ‘ಮಾಡು’ವಿನ ಹಿಂದಿನ ಪೀಠ ಯಾರು ಬಂದರೂ ಕೂರಬಹುದಾದದ್ದಾಯಿತು. ಸಂಸ್ಕೃತದ ಸ್ನಾನ ಅಲ್ಲಿ ಕೂತಿತು, ಪಾರಸಿಯ ಮೂಲಕ ಬಂದ ತಯಾರು ಕೂತಿತು, ಈಗ ಕುಕ್, ವಾಶ್, ವೇಟ್ ಕೂರುತ್ತಿವೆ. ಕನ್ನಡದ ಕ್ರಿಯಾಪದಗಳನ್ನು ಉಳಿಸಬೇಕೆನ್ನುವವರು ಇಂಗ್ಲಿಷನ್ನು ದೂರುವ ಮುಂಚೆ ಈ ‘ಮಾಡು’ವಿನ ಹರಹನ್ನು ಗಮನಿಸಬೇಕು. ತೆರವಾದ ಕ್ರಿಯಾಪದದ ಜಾಗಕ್ಕೆ ಮೊದಲು ಬಂದದ್ದು ನಮ್ಮದೇ ನಾಮಪದ, ಇಂಗ್ಲಿಷಿನದು ಅದರ ಹಿಂದಿನಿಂದ ಬಂತು.

ಹೋದ ಪದ ಹಿಂದಿರುಗುವುದಿಲ್ಲವೇ ಎಂದು ನೀವು ಕೇಳಬಹುದು. ಹಿಂದಿರುಗಿದ ಉದಾಹರಣೆ ಅಡುಗೆಮನೆಯಲ್ಲೇ ಇದೆ. ಸಂಸ್ಕೃತದ ‘ಮಹಾನಸ’ದಿಂದ ಬಂದ ಹಳಗನ್ನಡದ ‘ಬಾಣಸ’ವನ್ನು, ಅಡುವವನಾದ ‘ಬಾಣಸಿಗ’ನನ್ನು ಆಡುಮಾತು ಮರೆತೇಬಿಟ್ಟಿತ್ತು. ದೊಡ್ಡ ಹೋಟೆಲಿನ ಅಡುಗೆಯವರನ್ನು ಗೌರವದಿಂದ ಕರೆಯಲು ಪತ್ರಿಕೆಗಳಿಗೆ ಪದ ಬೇಕಾದಾಗ ಬಾಣಸಿಗ ಎದ್ದು ಬಂದ. ಹೀಗೆ ನಾಮಪದ ಎದ್ದು ಬರಬಹುದು. ಧಾತುವಿಗೆ ಅದು ಕಷ್ಟ, ಏಕೆಂದರೆ ಅದರ ಕಾಲ, ಲಿಂಗ, ವಚನಗಳ ರೂಪಗಳೆಲ್ಲ ಒಟ್ಟಿಗೆ ನಾಲಗೆಗೆ ಒಗ್ಗಬೇಕು.

ಆದ್ದರಿಂದ ನಾವು ಈಗ ಕಿವಿಗೊಡಬೇಕಾದದ್ದು ಹೋಗುತ್ತಿರುವ ಧಾತುವಿಗೆ. ನಮ್ಮ ತಾಯಿ “ಉಂಡೆ” ಎನ್ನುತ್ತಾರೆ, ನಾನು “ಊಟ ಮಾಡಿದೆ” ಎನ್ನುತ್ತೇನೆ, ಮಗಳು “ಲಂಚ್ ಆಯ್ತು” ಎನ್ನುತ್ತಾಳೆ. ಉಣ್ಣು, ಉಂಡು, ಊಟ: ಅಡು, ಅಟ್ಟು, ಅಡುಗೆ ನಡೆದ ದಾರಿಯೇ ಇದು. ಇದನ್ನು ಹೇಳಿದಾಗ ಹುಡುಗಿ ಕೇಳಿದಳು, “ಉಣ್ಣು ಹೋದ್ರೆ ಅದು ಯಾವ ಗಾದೇಲಿ ಉಳಿಯುತ್ತೆ?” ಅಜ್ಜಿ ಬೆರಳು ಮಡಿಸಲು ತೊಡಗಿದರು. ಉಂಡೂ ಹೋದ ಕೊಂಡೂ ಹೋದ. ಉಂಡ ಮನೆಗೆ ಎರಡು ಬಗೆಯಬೇಡ. ಉಂಡವರು ಹರಸೋದು ಬೇಡ, ನೊಂದವರು ಬೈಯೋದು ಬೇಡ. ಮೊದಲನೆಯದರಲ್ಲಿ ಪ್ರಾಸವಿದೆ, ಅದು ಗಟ್ಟಿ ಎಂದೆ ನಾನು. ಎರಡನೆಯದನ್ನು ‘ಊಟ ಮಾಡಿದ ಮನೆಗೆ’ ಎಂದು ಬದಲಿಸಿದರೆ ಏನೂ ಒಡೆಯುವುದಿಲ್ಲವಲ್ಲ ಎಂದು ಮಗಳೇ ಪರೀಕ್ಷಿಸಿ ನೋಡಿದಳು. ಅಜ್ಜಿ ಅದನ್ನು ಒಪ್ಪಲಿಲ್ಲ.